ಕೆಲವು ಗಂಟೆಗೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದ ರೂಟರ್: ಒಂದು ಪ್ರಕರಣ ಅಧ್ಯಯನ

ದೂರು ಒಂದೇ ಸಾಲಿನದು: ಇಂಟರ್ನೆಟ್ ಆಗಾಗ ಹೋಗುತ್ತದೆ, ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ಬರುತ್ತದೆ. ಬೆಳಿಗ್ಗೆ ತೊಂದರೆ ಕಡಿಮೆ, ಮಧ್ಯಾಹ್ನದ ಮೇಲೆ ಜಾಸ್ತಿ, ಸಂಜೆ ಎಲ್ಲರೂ ಮನೆಯಲ್ಲಿದ್ದಾಗ ವಿಪರೀತ. ರಾತ್ರಿ ಮಲಗಿದ ಮೇಲೆ ಏನೂ ಇಲ್ಲ. ನನ್ನನ್ನು ಕರೆಯುವ ಹೊತ್ತಿಗೆ ಆ ಮನೆಯವರು ಮಾಡಬಹುದಾದದ್ದನ್ನೆಲ್ಲ ಮಾಡಿಯಾಗಿತ್ತು. ಇಂಟರ್ನೆಟ್ ಕಂಪನಿಯ ಹುಡುಗ ಬಂದು ಫೈಬರ್ ತುದಿಯ ವೈರು ಬದಲಾಯಿಸಿ ಹೋಗಿದ್ದ. ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದ್ದರು, ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದರು. ಹೊಸ ರೂಟರ್ ತರುವುದೊಂದೇ ಬಾಕಿ.

ಜೋಡಣೆ ಹೀಗಿತ್ತು. ಫೈಬರ್ ಬಂದು ಸೇರುವ ಡಬ್ಬಿ ಗೋಡೆಯ ಮೇಲೆ. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಟಿವಿ ಸ್ಟ್ಯಾಂಡಿನ ಬಾಗಿಲು ಹಾಕಿದ ಖಾನೆಯೊಳಗೆ ಹೋಗುತ್ತದೆ. ರೂಟರ್ ಇರುವುದು ಅಲ್ಲೇ, ಸೆಟ್ ಟಾಪ್ ಬಾಕ್ಸಿನ ಬೆನ್ನ ಮೇಲೆ. ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೂರ್ನಾಲ್ಕು ಅಡಾಪ್ಟರ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ರೂಟರ್ ಎರಡು ಬ್ಯಾಂಡಿನದು, ಕೆಲವು ವರ್ಷ ಹಳೆಯದು, ಅಡಾಪ್ಟರ್ ಅದರ ಜೊತೆಗೇ ಬಂದದ್ದು: 12 ವೋಲ್ಟ್, 1 ಆಂಪಿಯರ್. ಕೊಂಡ ಮೇಲೆ ಮನೆಗೆ ಎರಡು ವೈ-ಫೈ ಕ್ಯಾಮೆರಾ ಬಂದಿವೆ, ಟಿವಿಯಲ್ಲಿ ಸಿನಿಮಾ ನೋಡಲೆಂದು ರೂಟರಿನ ಯುಎಸ್‌ಬಿ ಕಿಂಡಿಗೆ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದಾರೆ. ಈ ಕೊನೆಯ ಎರಡು ಸಂಗತಿ ಮುಂದೆ ಮುಖ್ಯವಾಗುತ್ತವೆ.

ಮೊದಲು ತಿಳಿಯಬೇಕಾದದ್ದು: ಹೋಗುತ್ತಿರುವುದು ಲೈನೋ, ರೂಟರೋ?

‘ಇಂಟರ್ನೆಟ್ ಹೋಯಿತು’ ಎಂಬ ಮಾತಿನಲ್ಲಿ ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಹೊರಗಿನ ಲೈನ್ ಕಡಿದರೆ ರೂಟರ್ ಎದ್ದೇ ಇರುತ್ತದೆ, ವೈ-ಫೈ ಹೆಸರು ಫೋನಿನಲ್ಲಿ ಕಾಣುತ್ತಲೇ ಇರುತ್ತದೆ, ಇಂಟರ್ನೆಟ್ ದೀಪ ಮಾತ್ರ ಕೆಂಪಾಗುತ್ತದೆ ಇಲ್ಲವೇ ಆರುತ್ತದೆ. ರೂಟರೇ ರೀಸ್ಟಾರ್ಟ್ ಆದರೆ ವೈ-ಫೈ ಹೆಸರೂ ಮಾಯವಾಗುತ್ತದೆ, ಎಲ್ಲ ದೀಪಗಳೂ ಒಮ್ಮೆ ಆರಿ ಹತ್ತಿ ಮತ್ತೆ ಒಂದೊಂದಾಗಿ ಬರುತ್ತವೆ. ಮನೆಯವರು ದೀಪ ನೋಡಿರಲಿಲ್ಲ. ರೂಟರ್ ಬಾಗಿಲ ಹಿಂದಿತ್ತಲ್ಲ.

ರೂಟರಿನ ಅಡ್ಮಿನ್ ಪುಟದಲ್ಲಿ System Up Time ಎಂಬ ಸಾಲು ಇರುತ್ತದೆ. ನಾನು ನೋಡಿದಾಗ ಅದು ಒಂದು ಗಂಟೆ ಚಿಲ್ಲರೆ ತೋರಿಸುತ್ತಿತ್ತು. ಆ ದಿನ ಯಾರೂ ಸ್ವಿಚ್ ಮುಟ್ಟಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಲಾಗ್ ಪುಟದಲ್ಲಿ ಇನ್ನೊಂದು ಗುರುತು ಸಿಕ್ಕಿತು. ಇಂಥ ರೂಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಎದ್ದ ಕೂಡಲೇ ಸಮಯ ಗೊತ್ತಿರುವುದಿಲ್ಲ, ಇಂಟರ್ನೆಟ್ ಸಿಕ್ಕ ಮೇಲೆ ಸರಿಪಡಿಸಿಕೊಳ್ಳುತ್ತವೆ. ಅದಕ್ಕೇ ಲಾಗಿನ ಮೊದಲ ಸಾಲುಗಳಲ್ಲಿ 1970ರ ಜನವರಿ 1 ಅಥವಾ ಫರ್ಮ್‌ವೇರ್ ತಯಾರಾದ ಹಳೆಯ ತಾರೀಕು ಕಾಣುತ್ತದೆ. ಇಲ್ಲೂ ಹಾಗೇ ಇತ್ತು. ಅದಕ್ಕೆ ಹಿಂದಿನ ಸಾಲುಗಳು ಇರಲೇ ಇಲ್ಲ. ಸಾಫ್ಟ್‌ವೇರ್ ತಾನೇ ನಿರ್ಧರಿಸಿ ರೀಬೂಟ್ ಮಾಡಿಕೊಂಡರೆ ಕೆಲವು ರೂಟರ್‌ಗಳು ಕಾರಣ ಬರೆದಿಡುತ್ತವೆ. ಕರೆಂಟು ಕುಸಿದು ಬಿದ್ದಾಗ ಬರೆಯಲು ಸಮಯವೇ ಇರುವುದಿಲ್ಲ.

ಖಚಿತಪಡಿಸಿಕೊಳ್ಳಲು ಒಂದು ಲಿನಕ್ಸ್ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ, ಎರಡು ಕಿಟಕಿಗಳಲ್ಲಿ ಇವನ್ನು ಓಡಲು ಬಿಟ್ಟೆ:

```
ping -O -D 192.168.1.1 | tee router.log
ping -O -D 8.8.8.8 | tee bahya.log
```

ಮೊದಲನೆಯದು ರೂಟರನ್ನೇ ಕೇಳುತ್ತದೆ, ಎರಡನೆಯದು ಹೊರಗಿನ ಒಂದು ಸರ್ವರನ್ನು. ಉತ್ತರ ಬಾರದಿದ್ದರೆ ಅದನ್ನೂ ದಾಖಲಿಸು ಎನ್ನುವುದು -O, ಪ್ರತಿ ಸಾಲಿಗೂ ಸಮಯ ಹಾಕು ಎನ್ನುವುದು -D. ಲೈನಿನ ದೋಷವಾಗಿದ್ದರೆ ಎರಡನೆಯದು ಮಾತ್ರ ನಿಲ್ಲಬೇಕು. ಇಲ್ಲಿ ಪ್ರತಿ ಸಲವೂ ಎರಡೂ ಒಟ್ಟಿಗೇ ನಿಂತವು. ಗೋಡೆಯ ಮೇಲಿನ ಫೈಬರ್ ಡಬ್ಬಿಯ ದೀಪಗಳು ಅಷ್ಟೂ ಹೊತ್ತು ಕದಲದೆ ಹಸಿರಾಗಿಯೇ ಇದ್ದವು. ಅಲ್ಲಿಗೆ ಲೈನು, ಕಂಪನಿ, ಮನೆಯ ಮುಖ್ಯ ಕರೆಂಟು ಎಲ್ಲವೂ ಲೆಕ್ಕದಿಂದ ಹೊರಗೆ.

ಸಮಯಗಳನ್ನು ಸಾಲಾಗಿ ಬರೆದು ನೋಡಿದಾಗ ಅಂತರಗಳು ಸಮನಾಗಿರಲಿಲ್ಲ. ಒಮ್ಮೆ ನಾಲ್ಕು ಗಂಟೆ, ಒಮ್ಮೆ ಎರಡು, ಸಂಜೆ ಒಂದೂವರೆ. ಇದು ಒಳ್ಳೆಯ ಸುಳಿವು. ಗಡಿಯಾರ ನೋಡಿದಂತೆ ದಿನವೂ ಒಂದೇ ಹೊತ್ತಿಗೆ ಆದರೆ ಸೆಟ್ಟಿಂಗ್‌ನಲ್ಲಿ ಯಾರೋ ರೀಬೂಟ್ ವೇಳಾಪಟ್ಟಿ ಹಾಕಿರುತ್ತಾರೆ. ಇಲ್ಲಿ ಅಂತರ ಕೆಲಸದ ಹೊರೆ ಹೆಚ್ಚಿದಂತೆ ಕಿರಿದಾಗುತ್ತಿತ್ತು.

ಮೀಟರ್ ತೋರಿಸಿದ 12 ವೋಲ್ಟ್

ಮನೆಯವರು ಮಲ್ಟಿಮೀಟರ್ ಇಟ್ಟುಕೊಂಡಿದ್ದರು. ಅಡಾಪ್ಟರ್ ಪಿನ್ನು ಬಿಚ್ಚಿ ಅಳೆದು, 12.2 ವೋಲ್ಟ್ ಬಂದದ್ದನ್ನು ನನಗೂ ತೋರಿಸಿದರು.

“ಹನ್ನೆರಡು ಸರಿಯಾಗಿ ಬರ್ತಿದೆಯಲ್ಲ ಸರ್, ಅಡಾಪ್ಟರ್ ಚೆನ್ನಾಗಿದೆ ಅಂತಲೇ ಆಯ್ತಲ್ಲ?”

ಬಹಳ ಜನ ಎಡವುವುದು ಇಲ್ಲೇ. ಮಲ್ಟಿಮೀಟರ್ ತಾನು ಅಳೆಯುವಾಗ ಅಡಾಪ್ಟರಿನಿಂದ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹೊರೆಯೇ ಇಲ್ಲದಾಗ ಸುಸ್ತಾದ ಅಡಾಪ್ಟರೂ 12 ವೋಲ್ಟ್ ಕೊಡುತ್ತದೆ. ರೂಟರಿಗೆ ಬೇಕಾದದ್ದು ಬೇರೆ: ಮುಕ್ಕಾಲು ಆಂಪಿಯರ್ ಎಳೆಯುತ್ತಿರುವಾಗಲೂ 12 ವೋಲ್ಟ್ ನಿಲ್ಲಬೇಕು.

ಹೊರೆ ಹಾಕಿ ಅಳೆಯಲು ವಿಶೇಷ ಉಪಕರಣವೇನೂ ಬೇಡ. ವಾಹನದ 12 ವೋಲ್ಟಿನ, 10 ವ್ಯಾಟಿನ ಚಿಕ್ಕ ಬಲ್ಬ್ ಸಾಕು. 10ನ್ನು 12ರಿಂದ ಭಾಗಿಸಿದರೆ 0.83, ಅಷ್ಟು ಆಂಪಿಯರ್ ಅದು ಎಳೆಯುತ್ತದೆ. 1 ಆಂಪಿಯರ್ ಎಂದು ಬರೆದಿರುವ ಅಡಾಪ್ಟರಿಗೆ ಅದು ಸಲೀಸಾಗಬೇಕು. 21 ವ್ಯಾಟಿನ ಬಲ್ಬ್ ಬೇಡ, ಅದು 1.75 ಆಂಪಿಯರ್ ಕೇಳುತ್ತದೆ, ಒಳ್ಳೆಯ ಅಡಾಪ್ಟರೂ ಸೋಲುತ್ತದೆ. ತಣ್ಣಗಿರುವ ಫಿಲಮೆಂಟಿನ ರೋಧ ಬಹಳ ಕಡಿಮೆ ಇರುವುದರಿಂದ ಹತ್ತಿಸಿದ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಬಲ್ಬ್ ಒಂದೆರಡು ಸಲ ಮಿನುಗಿ ಹತ್ತಿಕೊಂಡರೆ ಅದನ್ನು ದೋಷವೆಂದು ಎಣಿಸಬಾರದು. ಬಲ್ಬ್ ಸುಡುತ್ತದೆ, ಪ್ಲಾಸ್ಟಿಕ್ ಅಥವಾ ಬಟ್ಟೆಯ ಮೇಲೆ ಇಡಬಾರದು.

ಹಳೆಯ ಅಡಾಪ್ಟರಿಗೆ ಬಲ್ಬ್ ಹಾಕಿದ ಕೂಡಲೇ 12.2 ಇದ್ದದ್ದು 11.1ಕ್ಕೆ ಇಳಿಯಿತು. ಹಾಗೇ ಬಿಟ್ಟು ಕಾದೆವು. ಅಡಾಪ್ಟರ್ ಬಿಸಿಯಾಗುತ್ತ ಹೋದಂತೆ ಅಂಕಿ ಮೆಲ್ಲಗೆ ಇಳಿದು 10.5ರ ಆಸುಪಾಸಿನಲ್ಲಿ ಹೊಯ್ದಾಡತೊಡಗಿತು. ನನ್ನ ಬಳಿಯಿದ್ದ, ಚೆನ್ನಾಗಿರುವ 12 ವೋಲ್ಟ್ 2 ಆಂಪಿಯರಿನ ಅಡಾಪ್ಟರಿಗೆ ಅದೇ ಬಲ್ಬ್ ಹಾಕಿದಾಗ 11.9ರಲ್ಲಿ ಅಲುಗಾಡದೆ ನಿಂತಿತು. ಮನೆಯವರು ಎರಡೂ ಅಂಕಿಗಳನ್ನು ತಾವೇ ಓದಿದರು, ಹೆಚ್ಚು ವಿವರಿಸಬೇಕಾಗಲಿಲ್ಲ.

10.5 ವೋಲ್ಟಿಗೇ ರೂಟರ್ ಬೀಳಬೇಕೆಂದಿಲ್ಲ, ಹಲವು ರೂಟರ್‌ಗಳು ಇನ್ನೂ ಕಡಿಮೆಗೂ ನಡೆಯುತ್ತವೆ. ಆದರೆ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ, ಅದು ತೋರಿಸುವುದು ಸರಾಸರಿ. ಸರಾಸರಿಯೇ ಒಂದೂವರೆ ವೋಲ್ಟ್ ಕುಸಿದು ಹೊಯ್ದಾಡುತ್ತಿದ್ದರೆ, ನಡುನಡುವೆ ಕೆಲವೇ ಮಿಲಿಸೆಕೆಂಡಿನ ಆಳವಾದ ಗುಂಡಿಗಳಿರುವ ಸಾಧ್ಯತೆ ಹೆಚ್ಚು. ಮೀಟರಿಗೆ ಅವು ಕಾಣುವುದಿಲ್ಲ, ರೂಟರಿನ ಪ್ರೊಸೆಸರಿಗೆ ಒಂದು ಗುಂಡಿಯೇ ಸಾಕು. ಮೀಟರನ್ನು ಎಸಿ ಸ್ಥಾನಕ್ಕೆ ತಿರುಗಿಸಿ ಈ ಏರಿಳಿತ ಅಳೆಯಬಹುದೆಂದು ಕೆಲವರು ಹೇಳುತ್ತಾರೆ. ಅಡಾಪ್ಟರಿನೊಳಗಿನ ಸ್ವಿಚಿಂಗ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ನಡೆಯುತ್ತದೆ, ಸಾಮಾನ್ಯ ಮೀಟರಿನ ಎಸಿ ಅಳತೆ ಅಷ್ಟು ವೇಗಕ್ಕೆ ಮಾಡಿದ್ದಲ್ಲ. ಆ ಅಂಕಿಯನ್ನು ನಾನು ನಂಬುವುದಿಲ್ಲ.

ರೂಟರ್ ಎಳೆಯುವುದೆಷ್ಟು?

ಅಡಾಪ್ಟರಿಗೂ ರೂಟರಿಗೂ ನಡುವೆ ಒಂದು ಸಣ್ಣ ಡಿಸಿ ಮೀಟರ್ ಹಾಕಿ, ಒಳ್ಳೆಯ ಅಡಾಪ್ಟರಿನಲ್ಲೇ ಅಳೆದೆ. ಯಾರೂ ಏನೂ ಬಳಸದಿದ್ದಾಗ 0.45 ಆಂಪಿಯರ್. ಎರಡೂ ಬ್ಯಾಂಡಿನಲ್ಲಿ ವಿಡಿಯೋ ಓಡಿದಾಗ 0.7. ಹಾರ್ಡ್ ಡಿಸ್ಕಿನಿಂದ ಟಿವಿಗೆ ಸಿನಿಮಾ ಹಾಕಿದಾಗ 0.9 ದಾಟಿತು. ಡಿಸ್ಕಿಗೆ ಬೇಕಾದ ಕರೆಂಟು ರೂಟರಿನ ಮೂಲಕ ಇದೇ ಅಡಾಪ್ಟರಿನಿಂದಲೇ ಬರಬೇಕು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಯುಎಸ್‌ಬಿ ಕಿಂಡಿಯಲ್ಲಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಂದರೆ ಎರಡೂವರೆ ವ್ಯಾಟ್. ಪರಿವರ್ತನೆಯ ನಷ್ಟ ಸೇರಿಸಿದರೆ 12 ವೋಲ್ಟಿನ ಕಡೆ ಸುಮಾರು ಕಾಲು ಆಂಪಿಯರ್. 1 ಆಂಪಿಯರಿನ ಅಡಾಪ್ಟರಿನಲ್ಲಿ ಅದು ಸಣ್ಣ ಪಾಲಲ್ಲ. ಅಂದರೆ ಹೊಸದಾಗಿದ್ದಾಗಲೂ ಈ ಅಡಾಪ್ಟರಿಗೆ ಹೆಚ್ಚಿನ ಉಳಿಕೆ ಇರಲಿಲ್ಲ. ಡಿಸ್ಕ್ ಬಂತು, ಕ್ಯಾಮೆರಾಗಳು ಬಂದವು, ಅಡಾಪ್ಟರಿಗೆ ವಯಸ್ಸಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ರೂಟರಿನೊಳಗೆ 12 ವೋಲ್ಟನ್ನು 5, 3.3, 1 ವೋಲ್ಟ್ ಹೀಗೆ ಇಳಿಸುವ ಸರ್ಕ್ಯೂಟುಗಳಿವೆ. ಅವು ಚಿಪ್‌ಗಳಿಗೆ ಬೇಕಾದಷ್ಟು ವ್ಯಾಟನ್ನು ಹೇಗಾದರೂ ಒದಗಿಸಲು ನೋಡುತ್ತವೆ. ಬೇಕಾದದ್ದು 11 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟ್ ಸಿಕ್ಕರೆ 0.92 ಆಂಪಿಯರ್ ಸಾಕು. 10.5 ವೋಲ್ಟೇ ಸಿಕ್ಕರೆ 1.05 ಆಂಪಿಯರ್ ಎಳೆಯುತ್ತವೆ. ಅಡಾಪ್ಟರ್ ಸೋಲುತ್ತ ಹೋದಷ್ಟೂ ಅದರಿಂದ ಇನ್ನಷ್ಟು ಕೇಳುತ್ತವೆ, ಅದು ಇನ್ನಷ್ಟು ಸೋಲುತ್ತದೆ. ಬಲ್ಬಿನ ಸ್ವಭಾವ ಇದಕ್ಕೆ ತಿರುಗುಮುರುಗು: ವೋಲ್ಟೇಜ್ ಇಳಿದರೆ ಅದು ಮಂಕಾಗಿ ಕಡಿಮೆ ಎಳೆಯುತ್ತದೆ. ಹಾಗಾಗಿ ಬಲ್ಬಿನ ಪರೀಕ್ಷೆ ರೂಟರಿಗಿಂತ ಮೃದು. ಬಲ್ಬಿನಲ್ಲೇ ಸೋತ ಅಡಾಪ್ಟರ್ ರೂಟರಿನಲ್ಲಿ ಗೆಲ್ಲುವುದಿಲ್ಲ.

ರೂಟರ್ ಪೂರ್ತಿ ಸಾಯದೆ ಮತ್ತೆ ಮತ್ತೆ ಏಳುತ್ತಿದ್ದದ್ದೂ ಇದರಿಂದಲೇ. ವೋಲ್ಟೇಜ್ ಮಿತಿಗಿಂತ ಕೆಳಗಿಳಿದ ಕ್ಷಣ ಪ್ರೊಸೆಸರ್ ರೀಸೆಟ್ ಆಗುತ್ತದೆ. ಆಗ ವೈ-ಫೈ ಪ್ರಸಾರ ನಿಂತು ಹೊರೆ ಇಳಿಯುತ್ತದೆ, ಅಡಾಪ್ಟರ್ ಚೇತರಿಸಿಕೊಂಡು ಮತ್ತೆ 12 ವೋಲ್ಟಿಗೆ ಬರುತ್ತದೆ, ರೂಟರ್ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಮುಂದಿನ ಸಲ ಎರಡೂ ಬ್ಯಾಂಡ್, ಡಿಸ್ಕ್, ಬಿಸಿ ಎಲ್ಲವೂ ಒಂದೇ ಗಳಿಗೆಯಲ್ಲಿ ಕೂಡಿಬರುವ ತನಕ ನಡೆಯುತ್ತದೆ. ಆ ಗಳಿಗೆ ಯಾವಾಗ ಬರುತ್ತದೆಂದು ಹೇಳಲಾಗದು. ಅದಕ್ಕೇ ಅಂತರಗಳು ಸಮನಾಗಿರಲಿಲ್ಲ.

ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆ ಒಂದು ದಿನ ಸರಿಯಾಗಿತ್ತು ಎಂದು ಅವರು ಹೇಳಿದ್ದರು. ಕೇಳಿದಾಗ ಕಾರಣ ಹೊರಬಿತ್ತು: ಕ್ಯಾಮೆರಾಗಳಿಗೆ ಮತ್ತೆ ಪಾಸ್‌ವರ್ಡ್ ಹಾಕಿ ಜೋಡಿಸಲು ಪುರಸೊತ್ತಾಗಿರಲಿಲ್ಲ, ಡಿಸ್ಕ್ ಹಂಚಿಕೆಯ ಸೆಟ್ಟಿಂಗ್ ಅಳಿಸಿಹೋಗಿತ್ತು. ಅಷ್ಟು ಹೊರೆ ಕಡಿಮೆಯಾದದ್ದೇ ಸಾಕಾಯಿತು. ಇನ್ನು ಫರ್ಮ್‌ವೇರ್ ಅಪ್‌ಡೇಟ್ ಇಂಥ ಅಡಾಪ್ಟರಿನಲ್ಲಿ ಮಾಡಲೇಬಾರದು. ಹೊಸ ಫರ್ಮ್‌ವೇರ್ ಬರೆಯುತ್ತಿರುವಾಗಲೇ ರೀಸ್ಟಾರ್ಟ್ ಆದರೆ ರೂಟರ್ ಮತ್ತೆ ಏಳದಿರಬಹುದು. ಇವರ ರೂಟರ್ ಉಳಿದುಕೊಂಡಿತು.

ಬಿಸಿಯ ಪಾಲು ಎಷ್ಟು?

ಅಡಾಪ್ಟರ್ ಬದಲಿಸಿ ಎದ್ದುಬರಬಹುದಿತ್ತು. ಆದರೆ ರೂಟರನ್ನು ಮುಟ್ಟಿದರೆ ಕೈ ಸುಡುತ್ತಿತ್ತು, ಇದನ್ನು ಬಿಡುವಂತಿರಲಿಲ್ಲ. ಖಾನೆಯೊಳಗೆ ಥರ್ಮಾಮೀಟರ್ ಇಟ್ಟು ಬಾಗಿಲು ಹಾಕಿದೆವು. ಕೋಣೆಯಲ್ಲಿ 31 ಡಿಗ್ರಿ ಇದ್ದಾಗ ಒಳಗಿನ ಗಾಳಿ 46 ಡಿಗ್ರಿ. ಮನೆ ಬಳಕೆಯ ರೂಟರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತದೆ, ಇದರದ್ದೂ ಹಾಗೇ ಇತ್ತು. ಆ 40 ಎಂಬುದು ರೂಟರಿನ ಸುತ್ತಲಿನ ಗಾಳಿಯ ಲೆಕ್ಕ. ಒಳಗಿನ ಚಿಪ್ ಅದಕ್ಕಿಂತ ಬಹಳ ಮೇಲಿರುತ್ತದೆ. ಸಾಲದ್ದಕ್ಕೆ ರೂಟರಿನ ಗಾಳಿಕಿಂಡಿಗಳು ತಳದಲ್ಲಿದ್ದವು, ಅವನ್ನು ಬಿಸಿ ಸೆಟ್ ಟಾಪ್ ಬಾಕ್ಸಿನ ಮೇಲೆ ಮುಚ್ಚಿ ಇಡಲಾಗಿತ್ತು.

ಎರಡು ಕಾರಣಗಳು ಹೀಗೆ ಹೆಣೆದುಕೊಂಡಿರುವಾಗ ಎರಡನ್ನೂ ಒಟ್ಟಿಗೆ ಸರಿಪಡಿಸಿದರೆ ಯಾವುದು ಎಷ್ಟು ಕಾಡುತ್ತಿತ್ತೆಂದು ತಿಳಿಯುವುದೇ ಇಲ್ಲ. ಒಂದೊಂದನ್ನೇ ಬದಲಿಸೋಣವೆಂದೆ, ಮನೆಯವರು ತಾಳ್ಮೆಯಿಂದ ಒಪ್ಪಿದರು.

ಮೊದಲು ಹಳೆಯ ಅಡಾಪ್ಟರನ್ನೇ ಇಟ್ಟು ರೂಟರನ್ನು ಹೊರಗೆ, ಫ್ಯಾನಿನ ಗಾಳಿ ಬೀಳುವಲ್ಲಿ ಇಟ್ಟೆವು. ಅಂತರ ಹಿಗ್ಗಿತು, ಮಧ್ಯಾಹ್ನದ ರೀಸ್ಟಾರ್ಟ್ ನಿಂತಿತು. ಬಿಸಿಯದೇ ತೊಂದರೆ ಎಂದು ಎಲ್ಲರೂ ನಂಬುವ ಹೊತ್ತಿಗೆ ಸಂಜೆ ಸಿನಿಮಾ ಹಾಕಿದಾಗ ಮತ್ತೆ ಬಿತ್ತು. ಡಿಸ್ಕ್ ಕಿತ್ತಿಟ್ಟ ಸಂಜೆ ಬೀಳಲಿಲ್ಲ.

ಆಮೇಲೆ ಇದರ ತಿರುಗುಮುರುಗು: ರೂಟರ್ ಮತ್ತೆ ಖಾನೆಯೊಳಗೆ, ಡಿಸ್ಕ್ ಸಮೇತ, ಆದರೆ ಒಳ್ಳೆಯ ಅಡಾಪ್ಟರ್. ರೀಸ್ಟಾರ್ಟ್ ಪೂರ್ತಿ ನಿಂತಿತು. ಆದರೆ ಸೆಖೆಯ ಒಂದು ಮಧ್ಯಾಹ್ನ ಬೇರೆಯದೇ ಲಕ್ಷಣ ಕಂಡಿತು. ಪವರ್ ದೀಪ ಉರಿಯುತ್ತಲೇ ಇದೆ, 5 ಗಿಗಾಹರ್ಟ್ಜ್ ವೈ-ಫೈ ಮಾತ್ರ ಇಲ್ಲ, ಅಡ್ಮಿನ್ ಪುಟ ತೆರೆಯುವುದೇ ಇಲ್ಲ, ಸ್ವಿಚ್ ಆರಿಸಿ ಹಾಕುವ ತನಕ ತಾನಾಗಿ ಸರಿಹೋಗಲಿಲ್ಲ. ಕರೆಂಟು ಕುಸಿದರೆ ರೂಟರ್ ಬಿದ್ದು ಏಳುತ್ತದೆ. ಈ ರೂಟರ್ ಬಿಸಿಗೆ ನಿಂತಲ್ಲೇ ಸಿಕ್ಕಿಕೊಂಡಿತು. ಎಲ್ಲ ರೂಟರ್‌ಗಳೂ ಹೀಗೇ ವರ್ತಿಸುತ್ತವೆ ಎನ್ನಲಾಗದು, ಕೆಲವು ಬಿಸಿ ಹೆಚ್ಚಾದರೆ ತಾವೇ ರೀಬೂಟ್ ಮಾಡಿಕೊಳ್ಳುತ್ತವೆ. ಆದರೂ ಈ ವ್ಯತ್ಯಾಸ ನೋಡಿಕೊಳ್ಳಲು ಯೋಗ್ಯ.

ಅಂದರೆ ರೀಸ್ಟಾರ್ಟಿಗೆ ನೇರ ಕಾರಣ ಅಡಾಪ್ಟರ್. ಬಿಸಿ ಅದಕ್ಕೆ ಎರಡು ಕಡೆಯಿಂದ ನೆರವಾಗಿತ್ತು. ಚಿಪ್ ಬಿಸಿಯಾದಷ್ಟೂ ಅದರೊಳಗೆ ಸೋರಿಹೋಗುವ ಕರೆಂಟು ಹೆಚ್ಚುತ್ತದೆ, ಹಾಗಾಗಿ ಅದೇ ಕೆಲಸಕ್ಕೆ ರೂಟರ್ ಸ್ವಲ್ಪ ಹೆಚ್ಚು ಎಳೆಯುತ್ತದೆ. ಅಡಾಪ್ಟರ್ ಕೂಡ ಅದೇ ಖಾನೆಯಲ್ಲಿ ಬೇಯುತ್ತಿತ್ತು. ಅದರೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ ಇರುವುದು ದ್ರವ, ಬಿಸಿಗೆ ಅದು ವರ್ಷಗಟ್ಟಲೆ ನಿಧಾನವಾಗಿ ಆರುತ್ತದೆ. 10 ಡಿಗ್ರಿ ಬಿಸಿ ಹೆಚ್ಚಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಖಾನೆಯೊಳಗೆ ಹೊರಗಿಗಿಂತ 15 ಡಿಗ್ರಿ ಹೆಚ್ಚಿತ್ತು. ಕೆಪಾಸಿಟರ್ ಒಣಗಿದರೆ ವೋಲ್ಟೇಜಿನ ಏರಿಳಿತವನ್ನು ಸಮ ಮಾಡುವ ಅದರ ಶಕ್ತಿ ಕುಗ್ಗುತ್ತದೆ. ನಾನು ಮೇಲೆ ಹೇಳಿದ ಗುಂಡಿಗಳು ಹುಟ್ಟುವುದು ಆಗ. ಈ ಅಡಾಪ್ಟರಿನಲ್ಲೂ ಆಗಿದ್ದು ಇದೇ ಎಂದು ನನ್ನ ಅಂದಾಜು. ಬಿಚ್ಚಿ ನೋಡಲಿಲ್ಲ, ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯ ತರುವಷ್ಟು, ಮುನ್ನೂರಕ್ಕೂ ಹೆಚ್ಚು ವೋಲ್ಟ್ ಉಳಿದಿರಬಹುದು.

ಕೊನೆಗೆ ಮಾಡಿದ್ದು

ಹೊಸ ಅಡಾಪ್ಟರ್ ಆರಿಸುವಾಗ ವೋಲ್ಟ್ ಹಳೆಯದಕ್ಕೆ ಸರಿಸಮ ಇರಲೇಬೇಕು. 9 ವೋಲ್ಟಿನ ರೂಟರ್‌ಗಳೂ ಇವೆ, ಅವಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ರೂಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. “ಎರಡು ಆಂಪ್ ಹಾಕಿದ್ರೆ ರೂಟರ್ ಸುಡಲ್ವಾ?” ಎಂದು ಮನೆಯವರು ಹೆದರಿದ್ದರು, ಡಿಸಿ ಮೀಟರಿನಲ್ಲಿ ಅದೇ 0.45 ಕಂಡ ಮೇಲೆ ಸಮಾಧಾನವಾಯಿತು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಎರಡರ ಲೇಬಲ್ಲಿನ ಚಿತ್ರದಲ್ಲೂ ಹೋಲಿಸಿ ನೋಡಬೇಕು.

ಪಿನ್ನಿನ ಅಳತೆಯಲ್ಲಿ ಮೋಸಹೋಗುವುದು ಸುಲಭ. ಹೊರಗಿನ ವ್ಯಾಸ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲೇ ಒಳತೂತು 2.1 ಮತ್ತು 2.5 ಎಂದು ಎರಡು ಬಗೆ. ರೂಟರಿನ ಕಡ್ಡಿ 2.1ರದ್ದಾಗಿ ಪಿನ್ನು 2.5ರದ್ದಾದರೆ ಒಳಗೆ ಹೋಗುತ್ತದೆ, ದೀಪವೂ ಹತ್ತುತ್ತದೆ, ಆದರೆ ಹಿಡಿತ ಸಡಿಲ. ಯಾರಾದರೂ ವೈರು ತಾಗಿಸಿದರೆ ರೀಸ್ಟಾರ್ಟ್! ಹೊಸ ಅಡಾಪ್ಟರ್ ಹಾಕಿದರೂ ದೋಷ ಹೋಗಲಿಲ್ಲ ಎನ್ನುವವರ ಮನೆಯಲ್ಲಿ ನಾನು ಮೊದಲು ಪಿನ್ನನ್ನು ಅಲುಗಾಡಿಸಿ ನೋಡುತ್ತೇನೆ. ಹಾಗೆಯೇ ಲೇಬಲ್ಲಿನಲ್ಲಿ 2 ಆಂಪಿಯರ್ ಎಂದು ಬರೆದದ್ದೆಲ್ಲ 2 ಆಂಪಿಯರ್ ಕೊಡುವುದಿಲ್ಲ. ಹೊಸದನ್ನೂ ಅದೇ 10 ವ್ಯಾಟ್ ಬಲ್ಬಿಗೆ ಹಾಕಿ ಹದಿನೈದು ನಿಮಿಷ ನೋಡಿದೆವು, 11.9ರಲ್ಲಿ ನಿಂತಿತು.

ರೂಟರನ್ನು ಖಾನೆಯಿಂದ ತೆಗೆದು ಗೋಡೆಗೆ, ಗಾಳಿಕಿಂಡಿಗಳು ತೆರೆದಿರುವಂತೆ ನೇತುಹಾಕಿದೆವು. ಅಡಾಪ್ಟರನ್ನು ಬೇರೆಯವುಗಳಿಂದ ಬಿಡಿಸಿ ಪ್ರತ್ಯೇಕ ಸಾಕೆಟ್ಟಿಗೆ ಹಾಕಿದೆವು. ಹಾರ್ಡ್ ಡಿಸ್ಕ್ ಅಲ್ಲೇ ಇದೆ, ಕ್ಯಾಮೆರಾಗಳೂ ಇವೆ. ಕೆಲವು ವಾರಗಳ ನಂತರ System Up Time ನೋಡಿದಾಗ, ನಡುವೆ ಒಮ್ಮೆ ಕರೆಂಟು ಹೋದ ದಿನದಿಂದ ಈಚೆಗೆ ಎಣಿಕೆ ಕಡಿಯದೆ ಓಡುತ್ತಿತ್ತು.

ಒಳ್ಳೆಯ ಅಡಾಪ್ಟರ್, ತೆರೆದ ಜಾಗ ಎರಡೂ ಕೊಟ್ಟ ಮೇಲೂ ರೂಟರ್ ಬೀಳುತ್ತಿದ್ದರೆ ದೋಷ ಅದರೊಳಗಿದೆ ಎಂದೇ ತಿಳಿಯಬೇಕು. ರೂಟರಿನ ಬೋರ್ಡಿನ ಮೇಲಿನ ಕೆಪಾಸಿಟರ್ ಉಬ್ಬಿರಬಹುದು, ಅಥವಾ ಫರ್ಮ್‌ವೇರ್ ಮೆಮೊರಿಯನ್ನು ತಿನ್ನುತ್ತ ಹೋಗಿ ಕೊನೆಗೆ ಕುಸಿಯುತ್ತಿರಬಹುದು. ಎರಡನೆಯದಾದರೆ ಅಡ್ಮಿನ್ ಪುಟದ ಮೆಮೊರಿ ಬಳಕೆಯ ಅಂಕಿ ಗಂಟೆಗಂಟೆಗೂ ಏರುತ್ತ ಹೋಗುವುದು ಕಾಣುತ್ತದೆ, ಆಗ ಒಳ್ಳೆಯ ಅಡಾಪ್ಟರ್ ಹಾಕಿಕೊಂಡೇ ಫರ್ಮ್‌ವೇರ್ ಅಪ್‌ಡೇಟ್ ಮಾಡಬಹುದು.

ಹಳೆಯ ಅಡಾಪ್ಟರನ್ನು ಮನೆಯವರು ಡ್ರಾಯರಿಗೆ ಹಾಕಲು ಹೊರಟಿದ್ದರು. ಅದು ಮೀಟರಿಗೆ ಇನ್ನೂ 12.2 ತೋರಿಸುತ್ತದೆ, ಮುಂದೊಂದು ದಿನ ಮನೆಯಲ್ಲಿ ಯಾರಾದರೂ ಅಳೆದು ಚೆನ್ನಾಗಿದೆಯೆಂದು ಇನ್ನೊಂದು ಸಾಧನಕ್ಕೆ ಹಾಕುತ್ತಾರೆ. ಪ್ಲಗ್ ಕಿತ್ತಿರುವಾಗಲೇ ಅದರ ಪಿನ್ನಿನ ಕಡೆಯ ವೈರು ಕತ್ತರಿಸಿ ಇ-ತ್ಯಾಜ್ಯಕ್ಕೆ ಕೊಡಲು ಹೇಳಿದೆ.